ಬಂಕ್ ಚೀಟಿಯಲ್ಲಿ ಮೂರು ಅಂಕಿ, ಮೀಟರಿನಲ್ಲಿ ಒಂದೇ

ಹುಬ್ಬಳ್ಳಿಯಲ್ಲಿ ಬೀಜ, ಗೊಬ್ಬರ ಮಾರುವ ಸಗಟು ಅಂಗಡಿಯೊಂದರ ಲೆಕ್ಕ ಬರೆಯುವುದು ನನ್ನ ಕೆಲಸ. ಅಂಗಡಿಯ ಪೆಟ್ರೋಲ್ ಕಾರು ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಚಿಲ್ಲರೆ ಅಂಗಡಿಗಳನ್ನು ಸುತ್ತುತ್ತಲೇ ಇರುತ್ತದೆ. ಬಂಕಿನಲ್ಲಿ ಪೆಟ್ರೋಲ್ ಹಾಕಿಸಿದ ಕೂಡಲೇ ಡ್ರೈವರ್ ಎರಡು ಫೋಟೊ ಕಳುಹಿಸುತ್ತಾನೆ: ಒಂದು ಚೀಟಿಯದು, ಇನ್ನೊಂದು ಕಿಲೋಮೀಟರ್ ತೋರಿಸುವ ಮೀಟರಿನದು. ಅವುಗಳನ್ನು ನೋಡಿ ನಾನು ಮೈಲೇಜ್ ಪುಸ್ತಕ ತುಂಬುತ್ತೇನೆ. ಪುಸ್ತಕ ಎಂದರೆ ಈಗ ಕಂಪ್ಯೂಟರಿನ ಒಂದು ಹಾಳೆ.

ಚೀಟಿಯ ಕಾಗದ ಶಾಯಿಯಿಂದಲ್ಲ, ಬಿಸಿಯಿಂದ ಅಚ್ಚಾಗುವಂಥದ್ದು. ಅದನ್ನು ಬಿಸಿಲಿಗೆ ಕಾದ ಕಾರಿನೊಳಗೆ ಬಿಟ್ಟರೆ ಅಕ್ಷರ ಮಾಸುತ್ತದೆ, ಇಲ್ಲವೇ ಕಾಗದವೇ ಕಪ್ಪಾಗುತ್ತದೆ. ಆದ್ದರಿಂದ ಬಂಕ್ ಬಿಡುವ ಮೊದಲೇ, ಚೀಟಿಯನ್ನು ಮಡಿಸದೆ, ನೆರಳಿನಲ್ಲಿ, ಫ್ಲ್ಯಾಷ್ ಇಲ್ಲದೆ ಫೋಟೊ ತೆಗೆಯಬೇಕು. ಡ್ರೈವರ್ ಮೊದಮೊದಲು ಫೋನ್‌ಪೇ ಹಣ ಹೋದದ್ದರ ಚಿತ್ರವನ್ನೋ ಕಾರ್ಡ್ ಯಂತ್ರದ ಚೀಟಿಯನ್ನೋ ಕಳುಹಿಸುತ್ತಿದ್ದ. ಅವುಗಳಲ್ಲಿ ಹಣ ಮಾತ್ರ ಇರುತ್ತದೆ, ಲೀಟರ್ ಇರುವುದಿಲ್ಲ. ಪಂಪಿನ ಚೀಟಿಯೇ ಬೇಕು ಎಂದು ಹೇಳಬೇಕಾಯಿತು. ಇನ್ನೊಂದು ಮಾತು: ವಾಟ್ಸ್ಆ್ಯಪ್ ಫೋಟೊದ ಹೆಸರಿನಲ್ಲಿರುವ ದಿನಾಂಕವನ್ನು ನಾನು ಎಂದಿಗೂ ಬರೆದುಕೊಳ್ಳುವುದಿಲ್ಲ. ಪೆಟ್ರೋಲ್ ಹಾಕಿಸಿದ್ದು ಶನಿವಾರವಾದರೂ ಫೋಟೊ ಸೋಮವಾರ ಬರಬಹುದು. ಚೀಟಿಯ ಮೇಲಿನ ದಿನಾಂಕವೇ ನನಗೆ ಪ್ರಮಾಣ.

ಚೀಟಿಯಲ್ಲಿ ಏನೇನೋ ಅಚ್ಚಾಗಿರುತ್ತದೆ. ನನಗೆ ಬೇಕಾದವು ಲೀಟರಿಗೆ ದರ, ಲೀಟರ್ ಮತ್ತು ಒಟ್ಟು ಹಣ, ಈ ಮೂರೇ. ಇವುಗಳಲ್ಲಿ ಯಾವ ಎರಡು ಸ್ಪಷ್ಟವಾಗಿ ಕಂಡರೂ ಮೂರನೆಯದನ್ನು ಲೆಕ್ಕ ಹಾಕಿ ತೆಗೆಯಬಹುದು. ಮೂರೂ ಕಂಡರೆ ಒಂದು ಇನ್ನೊಂದಕ್ಕೆ ಸಾಕ್ಷಿ. ಮಾಸಿದ ಚೀಟಿಯಲ್ಲಿ 7 ನೋಡಲು 1ರಂತೆ, 8 ನೋಡಲು 3ರಂತೆ ಕಾಣುವುದು ಮಾಮೂಲು. ಗದಗದ ಒಂದು ಚೀಟಿಯನ್ನೇ ನೋಡಿ: ದರ 103.10, ಹಣ 1000, ಲೀಟರ್ ಮಾತ್ರ 9.70ರಂತೆಯೂ ಕಾಣುತ್ತದೆ, 9.10ರಂತೆಯೂ ಕಾಣುತ್ತದೆ. 9.10ನ್ನು ದರದಿಂದ ಗುಣಿಸಿದರೆ 938.21, ಸಾವಿರಕ್ಕೆ ಅರವತ್ತು ರೂಪಾಯಿಗೂ ಮಿಕ್ಕಿ ಕೊರತೆ. 9.70 ಆದರೆ 1000.07. ಅಲ್ಲಿಗೆ ಸಂಶಯ ತೀರಿತು.

ಆ ಏಳು ಪೈಸೆ ಎಲ್ಲಿಂದ ಬಂತು ಎಂದು ಕೇಳಬಹುದು. ಚೀಟಿಯಲ್ಲಿ ಲೀಟರ್ ಎರಡು ದಶಾಂಶಕ್ಕೆ ಸರಿಹೊಂದಿಸಿ ಅಚ್ಚಾಗುತ್ತದೆ. ಅದರಲ್ಲಿ ಹೆಚ್ಚೆಂದರೆ ಒಂದು ಲೀಟರಿನ ಸಾವಿರ ಪಾಲಿನಲ್ಲಿ ಐದು ಪಾಲಿನಷ್ಟು ವ್ಯತ್ಯಾಸವಿರಬಹುದು; ಈ ದರಕ್ಕೆ ಅದು ಸುಮಾರು ಐವತ್ತು ಪೈಸೆ. ಹಾಗಾಗಿ ಅರವತ್ತು ಪೈಸೆ ಮೀರಿದರೆ ಮಾತ್ರ ಹಾಳೆ ನನ್ನನ್ನು ಕರೆಯುವಂತೆ ಮಾಡಿದ್ದೇನೆ. C ಮೀಟರ್, D ದರ, E ಲೀಟರ್, F ಹಣ:

```
=IF(ABS(D5*E5-F5)>0.6,"ನೋಡು","")
```

ದರವೂ ತನ್ನಷ್ಟಕ್ಕೆ ಒಂದು ಸುಳಿವು. ಊರಿಂದ ಊರಿಗೆ ಅದು ಸ್ವಲ್ಪ ಬೇರೆಯಾಗುತ್ತದೆ, ಅದು ಸಹಜ. 2017ರ ಜೂನ್‌ನಿಂದ ದರವನ್ನು ದಿನವೂ ಬದಲಿಸುವ ವ್ಯವಸ್ಥೆ ಇದೆ. ಆದರೆ ಒಂದೇ ಊರಿನಲ್ಲಿ ರಾತ್ರೋರಾತ್ರಿ ಏಳೆಂಟು ರೂಪಾಯಿ ಹೆಚ್ಚು ಕಂಡರೆ ಅಂಕಿಯನ್ನು ತಪ್ಪಾಗಿ ಓದಿರಬೇಕು, ಇಲ್ಲವೇ ಪ್ರೀಮಿಯಂ ಪೆಟ್ರೋಲ್ ಹಾಕಿಸಿರಬೇಕು. ಚೀಟಿಯಲ್ಲಿ ಯಾವ ಇಂಧನ ಎಂದು ಬರೆದ ಸಾಲನ್ನು ಆಗ ನೋಡುತ್ತೇನೆ.

ಇಷ್ಟೆಲ್ಲ ಭದ್ರತೆ ಇರುವುದು ಚೀಟಿಗೆ. ಮೀಟರಿನ ಅಂಕಿಗೆ ಜೊತೆಗಾರರಿಲ್ಲ. ಅದನ್ನು ತಪ್ಪಾಗಿ ಓದಿದರೆ ಅದೇ ಸಾಲಿನಲ್ಲಿ ಹೇಳುವವರು ಯಾರೂ ಇರುವುದಿಲ್ಲ. ಡಿಜಿಟಲ್ ಮೀಟರಿನಲ್ಲಿ ಒಟ್ಟು ಕಿಲೋಮೀಟರಿನ ಬದಲು ಟ್ರಿಪ್ ಕಾಣುತ್ತಿದ್ದರೆ ಪತ್ತೆ ಸುಲಭ: 312.4 ಎಂಬಂತೆ ಸಣ್ಣ ಸಂಖ್ಯೆ, ಕೊನೆಯಲ್ಲಿ ಚುಕ್ಕೆ. ಕಷ್ಟ ಕೊಡುವುದು ನಡುವಿನ ಒಂದು ಅಂಕಿ ಬದಲಾದಾಗ.

ಈಗ ಮೈಲೇಜಿಗೆ ಬರೋಣ. ಹುಬ್ಬಳ್ಳಿಯಲ್ಲಿ ಫುಲ್ ಟ್ಯಾಂಕ್ ಮಾಡಿಸಿದಾಗ ಮೀಟರ್ 48,212. ನವಲಗುಂದ, ಅಣ್ಣಿಗೇರಿ ಸುತ್ತಿ ಗದಗದಲ್ಲಿ ಮೇಲೆ ಹೇಳಿದ ಸಾವಿರ ರೂಪಾಯಿಯ 9.70 ಲೀಟರ್, ಆಗ 48,431. ಅಲ್ಲಿಂದ ಲಕ್ಷ್ಮೇಶ್ವರ, ಶಿಗ್ಗಾವಿ ಮುಗಿಸಿ ಹಾವೇರಿಯಲ್ಲಿ ಮತ್ತೆ ಫುಲ್, 21.34 ಲೀಟರ್, ಆಗ 48,688. ಸಾಲು ಸಾಲಾಗಿ ಭಾಗಿಸಿದರೆ ಗದಗದ ಸಾಲಿನಲ್ಲಿ ಲೀಟರಿಗೆ 22.6 ಕಿಲೋಮೀಟರ್, ಹಾವೇರಿಯ ಸಾಲಿನಲ್ಲಿ 12.0 ಬರುತ್ತದೆ. ಆ 12.0ನ್ನು ನೋಡಿ ನಮ್ಮ ಸಾಹುಕಾರರು “ಪೆಟ್ರೋಲ್ ಎಲ್ಲಿ ಹೋಯಿತು, ಅವನನ್ನು ಕೇಳಿರಿ” ಎಂದರು. “ಸ್ವಲ್ಪ ತಡೆಯಿರಿ ಸಾಹುಕಾರರೇ, ಗದಗದಲ್ಲಿ ಟ್ಯಾಂಕ್ ತುಂಬಿರಲಿಲ್ಲ” ಎಂದು ನಾನು ಹಾಳೆಯನ್ನು ಅವರ ಮುಂದಿಟ್ಟೆ. ಒಂದು ಫುಲ್‌ನಿಂದ ಮುಂದಿನ ಫುಲ್‌ವರೆಗೆ ಓಡಿದ ದೂರವನ್ನು, ಮೊದಲ ಫುಲ್ ಬಿಟ್ಟು ಆಮೇಲೆ ಹಾಕಿಸಿದ ಎಲ್ಲ ಲೀಟರಿನಿಂದ ಭಾಗಿಸಬೇಕು. ದೂರ 476, ಲೀಟರ್ 31.04, ಮೈಲೇಜ್ 15.3. ಎರಡೂ ವಿಚಿತ್ರ ಅಂಕಿಗಳು ಅಲ್ಲೇ ಕರಗಿದವು.

ಅದಕ್ಕಾಗಿ G ಕಾಲಂನಲ್ಲಿ ಫುಲ್ ಆದರೆ F, ಅರ್ಧಂಬರ್ಧವಾದರೆ P ಎಂದು ಹಾಕುತ್ತೇನೆ. ಇದು ಚೀಟಿಯಲ್ಲಿ ಇರುವುದಿಲ್ಲ, ಡ್ರೈವರೇ ಫೋಟೊದ ಕೆಳಗೆ ಬರೆಯಬೇಕು. ಹಣ ಸರಿಯಾಗಿ ಐನೂರು, ಸಾವಿರ ಎಂದಿದ್ದರೆ ಬಹುತೇಕ P ಎಂದೇ ಅರ್ಥ. H ಕಾಲಂ ಫುಲ್ ಆದ ಮೇಲಿನ ಲೀಟರುಗಳನ್ನು ಕೂಡುತ್ತದೆ, I ಕಾಲಂ ಹಿಂದಿನ ಫುಲ್‌ನ ಮೀಟರನ್ನು ಹೊತ್ತು ತರುತ್ತದೆ, J ಭಾಗಿಸುತ್ತದೆ:

```
H5: =IF(G4="F",E5,H4+E5)
I5: =IF(G4="F",C4,I4)
J5: =IF(G5="F",(C5-I5)/H5,"")
```

ನಡುವೆ ಒಂದು ಚೀಟಿ ಕಳೆದುಹೋದರೆ ಆ ಸುತ್ತಿನ ಮೈಲೇಜನ್ನು ನಾನು ಅಂದಾಜಿನಿಂದ ತುಂಬುವುದಿಲ್ಲ. ಖಾಲಿ ಬಿಟ್ಟು, ಮುಂದಿನ ಫುಲ್‌ನಿಂದ ಹೊಸದಾಗಿ ಎಣಿಸುತ್ತೇನೆ.

ಮೀಟರಿನ ತಪ್ಪು ಬಯಲಾಗುವುದು ಈ J ಕಾಲಂನಲ್ಲಿಯೇ. ಹಾವೇರಿಯ 48,688ನ್ನು ಮಸುಕು ಫೋಟೊದಲ್ಲಿ 48,638 ಎಂದು ಓದಿದರೆ ಏನಾಗುತ್ತದೆ? ಸಂಖ್ಯೆ ಹಿಂದಿನದಕ್ಕಿಂತ ದೊಡ್ಡದಾಗಿಯೇ ಇದೆ, ಯಾವ ಪರೀಕ್ಷೆಗೂ ಸಿಕ್ಕಿಬೀಳುವುದಿಲ್ಲ. ಮೈಲೇಜ್ 13.7ಕ್ಕೆ ಇಳಿಯುತ್ತದೆ. ಮುಂದಿನ ಫುಲ್ 49,133ಕ್ಕೆ, 29.10 ಲೀಟರ್ ಎಂದುಕೊಳ್ಳಿ. ನಿಜವಾದ ದೂರ 445, ಮೈಲೇಜ್ 15.3, ತಪ್ಪಿನ ಲೆಕ್ಕದಲ್ಲಿ 495, ಮೈಲೇಜ್ 17.0. ಒಮ್ಮೆ ಇಳಿದದ್ದು ಮರುಸಾಲಿನಲ್ಲೇ ಹೆಚ್ಚುಕಡಿಮೆ ಅಷ್ಟೇ ಏರಿದರೆ ಎಂಜಿನ್ ಕೆಟ್ಟಿಲ್ಲ, ಪೆಟ್ರೋಲ್ ಸೋರಿಲ್ಲ, ಯಾರೂ ಕದ್ದಿಲ್ಲ. ಹಳೆಯ ಫೋಟೊ ತೆರೆದು, ದೊಡ್ಡದು ಮಾಡಿ, ಮೀಟರ್ ಮತ್ತೆ ಓದುತ್ತೇನೆ. ಕದ್ದ ಪೆಟ್ರೋಲ್ ಮರುಸಾಲಿನಲ್ಲಿ ವಾಪಸ್ ಬರುವುದಿಲ್ಲ.

ಇದೇ ಏರಿಳಿತವನ್ನು ಪಂಪಿನ ನಾಜಲ್ ಕೂಡ ತರಬಲ್ಲದು. ಅದು ತಾನಾಗಿ ನಿಂತಾಗ ಫುಲ್ ಎನ್ನುತ್ತೇವೆ. ಆದರೆ ಒಂದು ಬಂಕಿನಲ್ಲಿ ಅದು ಬೇಗ ನಿಲ್ಲುತ್ತದೆ, ಇನ್ನೊಂದರಲ್ಲಿ ಹುಡುಗ ಅದರ ಮೇಲೂ ಸ್ವಲ್ಪ ಹಿಂಡುತ್ತಾನೆ. ಮುಕ್ಕಾಲು ಲೀಟರಿನಷ್ಟು ಆಚೆ ಈಚೆ ಆದರೂ ಮೇಲಿನ 15.3 ಎನ್ನುವುದು ಸುಮಾರು 15ರಿಂದ 15.7ರ ನಡುವೆ ಎಲ್ಲಿಯಾದರೂ ಇರಬಹುದು. ಆದ್ದರಿಂದ ಒಂದು ಸಾಲಿನ ಇಳಿತಕ್ಕೆ ನಾನು ಯಾರನ್ನೂ ಪ್ರಶ್ನಿಸುವುದಿಲ್ಲ. ಮೂರು ಫುಲ್‌ಗಳು ಸತತವಾಗಿ 14.5ಕ್ಕಿಂತ ಕೆಳಗೆ ಬಂದರೆ ಮೊದಲು ಟೈರಿನ ಗಾಳಿ ನೋಡಿಸುತ್ತೇನೆ, ಆಮೇಲೆ ಏರ್ ಫಿಲ್ಟರ್. ಡ್ರೈವರನ್ನು ಕೇಳುವುದು ಅದರ ನಂತರ.