ಮೊಟ್ಟೆಯಾಗದ ದೀರ್ಘವೃತ್ತ

ಬಾಗಲಕೋಟೆಯಲ್ಲಿ ಪಿಯು ವಿದ್ಯಾರ್ಥಿಗಳಿಗೆ ಗಣಿತ ಹೇಳುವ ನಾನು, ಶಂಕುವನ್ನು ಕೊಯ್ದಾಗ ಮೂಡುವ ಆಕಾರಗಳನ್ನು ಹಲಗೆಯ ಮೇಲೆ ಬರೆದು ಬರೆದು ಬೇಸತ್ತು, ಕುಂಬಾರರ ಮನೆಯಿಂದ ಹದವಾಗಿ ತುಳಿದ ಮಣ್ಣು ತಂದೆ. ಅಚ್ಚಿಗೆ ರಟ್ಟಿನ ಅರ್ಧವೃತ್ತವೊಂದು ಸಾಕು. 20 ಸೆಂ.ಮೀ. ತ್ರಿಜ್ಯದ ಅರ್ಧವೃತ್ತವನ್ನು ಸುತ್ತಿ ಅಂಚು ಕೂಡಿಸಿದರೆ, ಬುಡದ ತ್ರಿಜ್ಯ 10 ಸೆಂ.ಮೀ. ಇರುವ ಶಂಕು ಬರುತ್ತದೆ. ಅದರ ಪಕ್ಕ ಮೇಜಿಗೆ ಸರಿಯಾಗಿ 60 ಡಿಗ್ರಿ ಓರೆ. ಮುಂದಿನದೆಲ್ಲ ಈ 60ರ ಮೇಲೆಯೇ ನಿಂತಿದೆ.

ಮಣ್ಣು ತುಂಬಿ ಅಚ್ಚು ಬಿಡಿಸಿದ ಮೇಲೆ, ತುದಿಯಿಂದ ಬುಡದ ನಡುವಿಗೆ ಸೈಕಲ್ ಕಡ್ಡಿಯನ್ನು ಚುಚ್ಚಿ ಹಿರಿದೆ. ಆ ತೂತೇ ಶಂಕುವಿನ ಅಕ್ಷ. ಎರಡೂ ಬದಿಗೆ ಓರೆಯಾಗಿ ಕತ್ತರಿಸಿದ ಹಲಗೆಗಳನ್ನಿಟ್ಟು, ಅವುಗಳ ಅಂಚಿನ ಮೇಲೆ ಬಿಗಿಯಾದ ದಾರವನ್ನು ಜಾರಿಸಿದೆ. ಮೊದಲ ಸಲ ದಾರ ಸಡಿಲಾಗಿ ಕೊಯ್ದ ಮುಖ ತಗ್ಗಾಯಿತು. ಮೇಲೆ ಅಳತೆಪಟ್ಟಿ ಇಟ್ಟಾಗ ಅಡಿಯಲ್ಲಿ ಬೆಳಕು ಇಣುಕಿತು. ಅಂಥ ಮುಖವನ್ನು ನಂಬಬಾರದು.

ಮೇಜಿಗೆ ಸಮಾನಾಂತರವಾಗಿ ಕೊಯ್ದರೆ ವೃತ್ತ. ಅದರಲ್ಲಿ ತಕರಾರಿಲ್ಲ. 30 ಡಿಗ್ರಿ ಓರೆಯಲ್ಲಿ, ತುದಿಯಿಂದ 8 ಸೆಂ.ಮೀ. ಕೆಳಗೆ ಅಕ್ಷವನ್ನು ದಾಟುವಂತೆ ಕೊಯ್ದು, ತುಂಡು ಎತ್ತುವ ಮೊದಲೇ ಆಕಾರ ಕೇಳಿದೆ. "ಮೊಟ್ಟೆ ಸರ್, ಕೆಳಗೆ ಶಂಕು ಅಗಲವಲ್ಲವೇ?" ಎಂದಳು ಒಬ್ಬಳು. ನಗುವಂತಿಲ್ಲ, 1525ರಲ್ಲಿ ಡ್ಯೂರರ್‌ನಂಥ ಚಿತ್ರಕಾರನೂ ಈ ದೀರ್ಘವೃತ್ತವನ್ನು ಮೊಟ್ಟೆಯಂತೆಯೇ ಬರೆದಿದ್ದ. ಮುಖಕ್ಕೆ ಕಾಗದ ಒತ್ತಿ, ಅಚ್ಚೆತ್ತಿ, ಉದ್ದಕ್ಕೂ ಅಡ್ಡಕ್ಕೂ ಮಡಚಿದೆವು. ಎರಡೂ ಸಲ ಅರ್ಧಕ್ಕೆ ಅರ್ಧ ಕೂಡಿತು. ಮೊಟ್ಟೆಯಾಗಿದ್ದರೆ ಒಂದೇ ಮಡಿಕೆಗೆ ಕೂಡುತ್ತಿತ್ತು. ಲೆಕ್ಕದಂತೆ ಉದ್ದ 12, ಅಗಲ 9.8 ಸೆಂ.ಮೀ. ಆದರೆ ಕಡ್ಡಿಯ ತೂತು ನಡುವಿನಲ್ಲಿರಲಿಲ್ಲ. ಮೇಲ್ತುದಿಗೆ 4, ಕೆಳತುದಿಗೆ 8 ಸೆಂ.ಮೀ. ದೂರದಲ್ಲಿತ್ತು. ಶಂಕುವಿನ ಅಕ್ಷವೇ ದೀರ್ಘವೃತ್ತದ ನಡು ಎಂದುಕೊಳ್ಳುವುದರಿಂದಲೇ ಮನಸ್ಸಿಗೆ ಮೊಟ್ಟೆ ಕಾಣುತ್ತದೆ.

ಓರೆ 60ಕ್ಕೆ ಮುಟ್ಟಿದಾಗ ಪರವಲಯ, ದಾಟಿದರೆ ಅತಿಪರವಲಯ. ಇಲ್ಲಿ ಮಣ್ಣು ಕೈಕೊಡುತ್ತದೆ. 58 ಡಿಗ್ರಿಯ ದೀರ್ಘವೃತ್ತ ಮುಚ್ಚಿಕೊಳ್ಳುವ ಮೊದಲೇ ಬುಡ ಮುಗಿಯುವುದರಿಂದ, ಮೂರರ ಮುಖವೂ ಕಣ್ಣಿಗೆ ಒಂದೇ ತರಹ. ವ್ಯತ್ಯಾಸ ತಿಳಿಯಲು ಜೋಡಿ ಶಂಕುವೇ ಬೇಕು, ಅತಿಪರವಲಯದ ಕೊಯ್ತ ಮಾತ್ರ ಎರಡೂ ಶಂಕುಗಳನ್ನು ಕಡಿಯುತ್ತದೆ. ಖಾಲಿ ರಟ್ಟಿನ ಶಂಕುವನ್ನು ತಲೆಕೆಳಗಾಗಿ, ತುದಿಗೆ ತುದಿ ತಾಗುವಂತೆ, ಹುಡುಗನೊಬ್ಬ ಹಿಡಿದ. ಕೊಯ್ದ ತುದಿ ಎಲ್ಲಿತ್ತೆಂದು ತಿಳಿಯಲು ಎತ್ತಿದ ತುಂಡನ್ನು ಮತ್ತೆ ಕೂರಿಸಿ, ಕೊಯ್ತದ ಸೀಳಿಗೆ ಅಳತೆಪಟ್ಟಿಯನ್ನು ಸೇರಿಸಿ ಮೇಲಕ್ಕೆ ಚಾಚಿದೆವು. 60ರಲ್ಲಿ ಪಟ್ಟಿ ಮೇಲಿನ ಶಂಕುವಿನ ಪಕ್ಕಕ್ಕೆ ಒಂದೇ ಅಂತರದಲ್ಲಿ ಸಾಗಿತು, ಮುಟ್ಟಲಿಲ್ಲ.

ಅತಿಪರವಲಯಕ್ಕೆ ನೆಟ್ಟಗೆ 90ರಲ್ಲೇ ಕೊಯ್ಯಬೇಕೆಂದು ಅವರೆಲ್ಲ ನಂಬಿದ್ದರು. ಪುಸ್ತಕದ ಚಿತ್ರಗಳಲ್ಲಿ ಹಾಗೆಯೇ ಇರುತ್ತದೆ. 75ರಲ್ಲಿ ಕೊಯ್ದ ಇನ್ನೊಂದು ಶಂಕುವಿನಲ್ಲಿ ಪಟ್ಟಿಯನ್ನು ಚಾಚಿದಾಗ, ಅದರ ಮೂಲೆ ಹುಡುಗನ ಕೈಯಲ್ಲಿದ್ದ ರಟ್ಟಿಗೆ ಹೋಗಿ ಚುಚ್ಚಿತು.