‘ನಮ್ಮನೇಲಿ ನೆಟ್ ಸರಿಯಾಗೇ ಇದೆ’ ಎಂದವರ ಸಹಿಯೇ ಕೆಲಸ ಮಾಡಿತು

ಫೈಬರ್ ದೋಷಕ್ಕೆ ಒಟ್ಟಾಗಿ ದೂರು ಕೊಡೋಣ ಎಂದು ನಿವಾಸಿಗಳ ಸಭೆಯಲ್ಲಿ ನಾನು ಎದ್ದು ಹೇಳಿದಾಗ ಬಂದ ಮೊದಲ ಉತ್ತರ ಇದು: ‘ನಮ್ಮನೇಲಿ ನೆಟ್ ಸರಿಯಾಗೇ ಇದೆಯಲ್ಲ, ನಾವ್ಯಾಕೆ ಸಹಿ ಹಾಕ್ಬೇಕು?’ ಒಂದು ಫೈಬರಿನ ಬೆಳಕನ್ನು ಹಲವು ಮನೆಗೆ ಹಂಚುವ ಎ ಬ್ಲಾಕಿನ ಸ್ಪ್ಲಿಟರ್‌ನಿಂದ 7 ಮನೆಗಳಿಗೆ ಸಂಪರ್ಕವಿದೆ, ತೊಂದರೆ ಇದ್ದದ್ದು ಎರಡಕ್ಕೆ ಮಾತ್ರ. ಮಿಕ್ಕ 5 ಮನೆಯವರ ಸಹಿ ಇಲ್ಲದೆ ಆ ದೂರಿಗೆ ಬಲವೇ ಇರಲಿಲ್ಲ. ಅದು ಯಾಕೆ ಹಾಗೆ ಎಂಬುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸೋತ ದಾರಿಗಳು. ತೊಂದರೆ ಇದ್ದ ಎರಡೂ ಮನೆಗಳಿಂದ ಒಂದೇ ದಿನ ಬೇರೆ ಬೇರೆಯಾಗಿ ದೂರು ಕೊಟ್ಟೆವು. ಕರೆ ಮಾಡಿದಾಗೆಲ್ಲ ‘ಒಮ್ಮೆ ಆಫ್ ಮಾಡಿ ಆನ್ ಮಾಡಿ’ ಎಂದರು, ಮಾಡಿದೆವು. ಅದೇ ದೊಡ್ಡ ತಪ್ಪು. ಮನೆಗೆ ಬರುವ ಫೈಬರ್ ಸೇರುವ ಪೆಟ್ಟಿಗೆಯೇ ಓಎನ್‌ಟಿ. ಅದಕ್ಕೆ ಕರೆಂಟ್ ಹೋದ ಗಳಿಗೆಯಲ್ಲಿ ಅದು ಕೊನೆಯದಾಗಿ `Dying Gasp` ಎಂಬ ಸಂದೇಶ ಕಳಿಸುತ್ತದೆ. ಕಂಪನಿಯ ದಾಖಲೆ ನೋಡುವವರಿಗೆ ಅದರ ಅರ್ಥ ‘ಗ್ರಾಹಕರ ಮನೆಯಲ್ಲಿ ವಿದ್ಯುತ್ ಇಲ್ಲ’. ಬೆಳಕು ಬಾರದೆ ಸಂಪರ್ಕ ಕಡಿದಿದ್ದರೆ ಬರುವ ಅಲಾರಂ ಬೇರೆ, `LOS`. ನಾವೇ ಸ್ವಿಚ್ ಒತ್ತಿ ಒತ್ತಿ ಅಸಲಿ ಅಲಾರಂಗಳ ನಡುವೆ ಸುಳ್ಳು ದಾಖಲೆ ಸೇರಿಸಿದೆವು. ದೂರುಗಳು ಒಂದೊಂದಾಗಿ ಮುಚ್ಚಿಹೋದವು.

ಎರಡನೆಯ ಸಲ ಸ್ಪೀಡ್ ಟೆಸ್ಟ್ ಚಿತ್ರಗಳನ್ನು ಕಳಿಸಿದೆವು. ‘ಅದು ನಿಮ್ಮ ವೈಫೈ’ ಎಂದರು, ಅವರ ಮೇಲೆ ತಪ್ಪು ಹೊರಿಸಲೂ ಆಗದು. ನಮ್ಮ ಫೈಬರ್ ನೆಟ್ ನಡೆಯುವ ಜಿಪಾನ್ ವ್ಯವಸ್ಥೆಯಲ್ಲಿ ಬೆಳಕು ಕುಗ್ಗಿದಷ್ಟೂ ವೇಗ ಕುಗ್ಗುವುದಿಲ್ಲ. ಬೆಳಕಿನ ಬಲವನ್ನು ಅಳೆಯುವುದು ಡಿಬಿಎಂನಲ್ಲಿ, ಮೈನಸ್ ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆ. ಬಿ ಪ್ಲಸ್ ದರ್ಜೆಯ ಓಎನ್‌ಟಿ ಮೈನಸ್ 27 ಡಿಬಿಎಂ ತನಕ ತಕರಾರಿಲ್ಲದೆ ಓಡಬೇಕು, ಅದನ್ನು ದಾಟಿದ ಮೇಲೆ ತಡವರಿಸಿ ಬೀಳುತ್ತದೆ. ಹಾಗಾಗಿ ಅಂಚಿಗೆ ಬಂದ ಮನೆಯಲ್ಲೂ ಕೊನೆಯ ದಿನದವರೆಗೆ ಎಲ್ಲ ಸರಿ ಇದ್ದಂತೆಯೇ ಕಾಣುತ್ತದೆ.

ಈ ನಡುವೆ ಭೇಟಿ ಶುಲ್ಕ, ಒಂದು ಮನೆಯವರು ಬದಲಿಸಿದ ರೂಟರ್, ಮತ್ತೊಬ್ಬರು ತಂದ, ಓಎನ್‌ಟಿಗೆ ಸಿಕ್ಕಿಸುವ ತುಂಡು ಫೈಬರ್‌ಗಳಾದ ಪ್ಯಾಚ್ ಕಾರ್ಡ್‌ಗಳು ಎಲ್ಲ ಸೇರಿ, ಒಂದು ಮನೆಯ ಸುಮಾರು ಎಂಟು ತಿಂಗಳ ಇಂಟರ್ನೆಟ್ ಬಿಲ್ಲಿನಷ್ಟು ಹಣ ಹೋಯಿತು. ಬೆಳಕು ಅರ್ಧ ಡಿಬಿ ಕೂಡ ಹೆಚ್ಚಲಿಲ್ಲ. ಸಭೆಯಲ್ಲಿ ಎಲ್ಲರೂ ತಲೆಯೆತ್ತಿ ಕೇಳಿದ್ದು ಈ ಲೆಕ್ಕವನ್ನೇ.

ಗೆದ್ದ ದಾರಿ ಇದು. ಬ್ರೌಸರಿನಲ್ಲಿ ತೆರೆಯುವ ಓಎನ್‌ಟಿಯ ಪುಟದಲ್ಲಿ `Rx Optical Power` ಎಂಬ ಸಾಲು ಇರುತ್ತದೆ, ಮನೆಗೆ ತಲುಪಿದ ಬೆಳಕಿನ ಅಂಕಿ ಅದು. ಏಳೂ ಮನೆಯವರು ಒಂದೇ ರಾತ್ರಿ, 9ರಿಂದ 9.15ರ ಒಳಗೆ, ಏನನ್ನೂ ಆಫ್ ಮಾಡದೆ ಅದರ ಫೋಟೋ ತೆಗೆಯಬೇಕು. ಹಿಂದೊಮ್ಮೆ ನಾಲ್ಕು ದಿನ ಅಲ್ಲಿಷ್ಟು ಇಲ್ಲಿಷ್ಟು ಎಂದು ಕೂಡಿಸಿದ ಅಂಕಿಗಳು ಒಂದಕ್ಕೊಂದು ಹೊಂದದೆ ಕಸಕ್ಕೆ ಹೋಗಿದ್ದವು. ಪಾಸ್‌ವರ್ಡ್ ಗೊತ್ತಿಲ್ಲದ ಮನೆಗಳಲ್ಲಿ ಆ ಪುಟ ಹೇಗೆ ಸಿಕ್ಕಿತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಮೂರು ಮನೆಯವರ ಫೋನಿನಲ್ಲಿ ಸಂಪರ್ಕ ಕೊಟ್ಟ ದಿನದ ಪವರ್ ಮೀಟರ್ ಫೋಟೋ ಇತ್ತು. ನೆನಪಿನಿಂದ ಹೇಳುವುದಾದರೆ, ಒಂದರಲ್ಲಿ ಮೈನಸ್ 18.6 ಇದ್ದದ್ದು 24.7 ಆಗಿತ್ತು. ಇನ್ನೊಂದರಲ್ಲಿ 20.1 ಇದ್ದದ್ದು 26.3, ಮೂರನೆಯದರಲ್ಲಿ 21.2 ಇದ್ದದ್ದು 27.4. ಮೂರೂ ಕಡೆ ಹತ್ತಿರ ಹತ್ತಿರ 6 ಡಿಬಿ ಇಳಿತ, ಅಂದರೆ ಬಂದದ್ದು ಕಾಲು ಭಾಗ ಬೆಳಕು. ಇವುಗಳಲ್ಲಿ ಕಡಿದು ಬೀಳುತ್ತಿದ್ದದ್ದು ಕೊನೆಯದು ಮಾತ್ರ. ಮೊದಲೆರಡು ಮನೆಯವರೇ ‘ನಮ್ಮದು ಸರಿ ಇದೆ’ ಎಂದವರು.

ಸಭೆಯಲ್ಲಿ ಹೇಳಿದ ಮಾತು ಹೆಚ್ಚುಕಡಿಮೆ ಹೀಗಿತ್ತು: ‘ಒಂದೇ ಮನೆಯ ವೈರ್ ಹಾಳಾಗಿದ್ರೆ ಒಂದೇ ಮನೆಯ ಅಂಕಿ ಇಳೀಬೇಕು. ಮೂರು ಮನೆಯದ್ದೂ ಒಂದೇ ಅಳತೆಯಷ್ಟು ಇಳಿದಿದೆ ಅಂದ್ರೆ ಪೆಟ್ಟು ಬಿದ್ದಿರೋದು ಸ್ಪ್ಲಿಟರ್‌ಗಿಂತ ಹಿಂದೆ. ಅದೇ ರಸ್ತೆ ಬಾಕ್ಸ್‌ನಿಂದ ಬರೋ ಬಿ ಬ್ಲಾಕಿನ ಅಂಕಿ ಈಗಲೂ 18ರಿಂದ 21ರ ಒಳಗಿದೆ, ಅಂದ್ರೆ ರಸ್ತೆ ಬಾಕ್ಸ್ ತನಕ ಸರಿಯಿದೆ. ಕೆಟ್ಟಿರೋದು ರಸ್ತೆ ಬಾಕ್ಸ್‌ನಿಂದ ನಮ್ಮ ಬಾಕ್ಸ್‌ಗೆ ಬರೋ ಆ ಒಂದೇ ಕೇಬಲ್. ಇದನ್ನ ಸಾಬೀತು ಮಾಡೋದಕ್ಕೆ ನೆಟ್ ಬೀಳ್ತಿರೋ ಎರಡು ಮನೆ ಸಾಲದು, ನೆಟ್ ನಡೀತಿರೋ ಐದು ಮನೆಯ ಅಂಕಿ ಬೇಕು.’

ಕಣ್ಣಿಗೆ ಕಾಣುವಂತೆ ತೋರಿಸಲು ಸಂಘದ ಕಚೇರಿಯ ಓಎನ್‌ಟಿಯಲ್ಲಿ ಒಂದು ಪ್ರಯೋಗವನ್ನೂ ಇಟ್ಟುಕೊಂಡಿದ್ದೆ. ಪ್ಯಾಚ್ ಕಾರ್ಡ್ ಅನ್ನು ಪೆನ್ಸಿಲ್‌ಗೆ ಸುತ್ತಿದರೆ ಅಂಕಿ ಇಳಿಯಬೇಕು. ಹಿಂದಿನ ದಿನ ಪರೀಕ್ಷಿಸಿದಾಗ ಇಳಿಯಲೇ ಇಲ್ಲ! ಈಗಿನ ಎಷ್ಟೋ ಕಾರ್ಡ್‌ಗಳು ಜಿ.657 ಎ2 ಬಗೆಯವು, 7.5 ಮಿಲಿಮೀಟರ್ ತ್ರಿಜ್ಯದ ಬಾಗಿಗೂ ತಡೆಯುತ್ತವೆ. ಹಳೆಯ ಜಿ.652 ಕಾರ್ಡ್ ಹುಡುಕಿ ತಂದು ಸುತ್ತಿದ ಮೇಲೆ ಅಂಕಿ ಸರಸರನೆ ಇಳಿಯಿತು, ಬಿಟ್ಟೊಡನೆ ಮೇಲೆ ಬಂತು. ಹೊಸ ಕಾರ್ಡ್ ಇಟ್ಟುಕೊಂಡು ಯಾರೂ ಸಭೆಗೆ ಹೋಗಬೇಡಿ.

ಅಧ್ಯಕ್ಷರ ಹಿಂಜರಿಕೆಗೆ ಬೇರೆಯೇ ಕಾರಣವಿತ್ತು. ಕೇಬಲ್ ಹಾಯುವ ಡಕ್ಟ್ ಸಂಘದ್ದು, ಕೇಬಲ್ ಕಂಪನಿಯದ್ದು. ಹೊಸ ನೀರಿನ ಪೈಪಿನ ಕೆಲಸ ಮಾಡಿಸಿದ್ದೂ ಸಂಘವೇ, ಅದರಿಂದ ಕೇಬಲಿಗೆ ಪೆಟ್ಟಾಗಿದ್ದರೆ ದಂಡ ನಮ್ಮ ತಲೆಗೆ ಬಂದೀತು ಎಂಬ ಭಯ. ನ್ಯಾಯವಾದ ಭಯವೇ. ಅದಕ್ಕೆ ದೂರಿನಲ್ಲಿ ಯಾರ ತಪ್ಪು ಎಂಬ ಮಾತನ್ನೇ ಎತ್ತಲಿಲ್ಲ. ಒಂದೇ ಪುಟ: ಏಳು ಗ್ರಾಹಕ ಸಂಖ್ಯೆ, ಎದುರಿಗೆ ಹೊಸ ಅಂಕಿ, ಮೂರು ಮನೆಗೆ ಹಳೆಯ ಅಂಕಿಯೂ, ಅಳೆದ ಸಮಯ, ಬಿ ಬ್ಲಾಕಿನ ಅಂಕಿ. ಕೆಳಗೆ ಎರಡು ಬೇಡಿಕೆ. ಏಳೂ ಸಂಖ್ಯೆಗಳನ್ನು ಒಂದೇ ದೂರಿನ ಕೆಳಗೆ ತನ್ನಿ. ಮನೆಯೊಳಗೆ ಬರುವ ಮೊದಲು ಎರಡೂ ಬಾಕ್ಸ್‌ಗಳಲ್ಲಿ ಅಳೆಯಿರಿ. ಸಹಿಗಳನ್ನು ಯಾವ ಕ್ರಮದಲ್ಲಿ ಹಾಕಿಸಿದೆ ಎಂಬ ಗುಟ್ಟು ನನ್ನಲ್ಲೇ ಇರಲಿ.

ಈ ಸಲ ಬಂದವರು ಮೀಟರ್ ಹಿಡಿದೇ ಬಂದರು. ರಸ್ತೆ ಬಾಕ್ಸ್‌ನಿಂದ ಹೊರಟಾಗ ಮೈನಸ್ ಏಳೂವರೆ, ನಮ್ಮ ಬಾಕ್ಸ್‌ಗೆ ಬಂದಾಗ 14ರ ಸುಮಾರು. ನೂರಿಪ್ಪತ್ತು ಮೀಟರಿನ ತಂತಿಯಲ್ಲಿ ಕಿಲೋಮೀಟರಿಗೆ ಕಾಲು ಡಿಬಿಯ ಲೆಕ್ಕದಲ್ಲಿ ಇಳಿತ ಕಾಣಲೇಬಾರದಿತ್ತು. ಕಂಪನಿಯ ಕಡೆ ತಲುಪುವ ಅಂಕಿಯನ್ನೂ ಕೇಳಿ ಪಡೆದೆ, ಅದು ಬರೀ ಎರಡು ಡಿಬಿ ಇಳಿದಿತ್ತು. ಇದು ಗಟ್ಟಿ ಸುಳಿವು. ಮನೆಗೆ ಬರುವ ಬೆಳಕು 1490 ನ್ಯಾನೋಮೀಟರ್, ಮನೆಯಿಂದ ಹೋಗುವುದು 1310. ಬಾಗಿನಲ್ಲಿ ಉದ್ದ ಅಲೆಯೇ ಹೆಚ್ಚು ಸೋರುತ್ತದೆ. ಎರಡೂ ಕಡೆ ಸಮನಾಗಿ ಇಳಿದಿದ್ದರೆ ಕೊಳೆಯಾದ ಕನೆಕ್ಟರನ್ನೋ ಕೆಟ್ಟ ಜೋಡಣೆಯನ್ನೋ ಹುಡುಕಬೇಕಿತ್ತು.

ಪೆಟ್ಟಾದ ಜಾಗ ಹೊಳೆಯಲಿ ಎಂದು ಕೆಂಪು ಬೆಳಕು ಹಾಯಿಸಿದರು, ಕೇಬಲಿನ ಮೇಲ್ಹೊದಿಕೆ ಕಪ್ಪಾದ್ದರಿಂದ ಏನೂ ಹೊಳೆಯಲಿಲ್ಲ. ಕೈಯಲ್ಲಿ ತಡವುತ್ತಾ ಹೋಗಿ ಮುಕ್ಕಾಲು ಗಂಟೆಯಲ್ಲಿ ಸಿಕ್ಕಿತು: ಹೊಸ ನೀರಿನ ಪೈಪಿನ ಹಿಂದೆ, ಪ್ಲಾಸ್ಟಿಕ್ ಟೈ ಬಿಗಿದು ಮಡಚಿದ ಜಾಗ. ಇಂಥದ್ದು ನಿಮಗೇ ಮೊದಲು ಕಂಡರೂ ಕತ್ತರಿ ಹಾಕಬೇಡಿ. ಫೋಟೋ ತೆಗೆದಿಡಿ; ಒತ್ತಿಟ್ಟ ನಾರು ಬಿಡಿಸುವಾಗ ಮುರಿದರೆ ಆರೋಪ ನಿಮ್ಮ ಮೇಲೆ. ಕಳಚಿದ ತುದಿಯೊಳಗೆ ಇಣುಕಲೂಬಾರದು, ಆ ಬೆಳಕು ಕಣ್ಣಿಗೆ ಕಾಣದು.

ಟೈ ಕತ್ತರಿಸಿದ ಕೂಡಲೇ 5 ಡಿಬಿ ಮರಳಿತು. ಉಳಿದ ಒಂದು ಡಿಬಿ ತಗ್ಗು ಬಿದ್ದ ಜಾಗದಲ್ಲೇ ಉಳಿಯಿತು. ‘ಎಲ್ಲಾ ಓಡ್ತಿದೆಯಲ್ಲ ಸಾರ್’ ಎಂದು ಹೊರಟವರ ಕೈಗೆ ಅದೇ ಪುಟದ ಹಿಂಬದಿಯಲ್ಲಿ ಹೊಸ ಅಂಕಿಗಳನ್ನು ಬರೆದು, ದೂರು ಮುಚ್ಚಲು ಒಪ್ಪದೆ ಕೊಟ್ಟೆವು. ಹತ್ತು ದಿನದ ಮೇಲೆ ಆ ಭಾಗವನ್ನು ಕತ್ತರಿಸಿ ಬೆಸೆದರು. ಭೇಟಿ ಶುಲ್ಕ ಬಿಲ್ಲಿನಲ್ಲಿ ವಾಪಸ್ ಬಂತು, ರೂಟರಿನ ಹಣ ಬರಲಿಲ್ಲ.