ರಿವ್ಯೂಗೆ ಉತ್ತರ ಬರೆಯುವಾಗ ಹೀಗೆ ಮಾಡಿ ನೋಡಿ

ಹೋಂಸ್ಟೇ ನಡೆಸುವವರಿಗೆ ಒಂದು ಸಲಹೆ. ಗೂಗಲ್ ಪ್ರೊಫೈಲಿನಲ್ಲಿ ನಾನು ಮೊದಲು ಎಲ್ಲ ರಿವ್ಯೂಗೂ ಒಂದೇ ಉತ್ತರ ಅಂಟಿಸುತ್ತಿದ್ದೆ: "ಚಿಕ್ಕಮಗಳೂರಿನ ಬೆಸ್ಟ್ ಹೋಂಸ್ಟೇ, ಚಿಕ್ಕಮಗಳೂರು ಎಸ್ಟೇಟ್ ಸ್ಟೇ, ಚಿಕ್ಕಮಗಳೂರು ಫ್ಯಾಮಿಲಿ ಹೋಂಸ್ಟೇ ಆಯ್ಕೆ ಮಾಡಿದ್ದಕ್ಕೆ ಧನ್ಯವಾದ." ಸಾಲಾಗಿ ಓದಿದರೆ ಬಸ್ ಸ್ಟ್ಯಾಂಡಿನಲ್ಲಿ ಕೂಗಿದ ಹಾಗಿತ್ತು!

ಈಗ ಅತಿಥಿ ಬರೆದದ್ದರಲ್ಲೇ ಒಂದು ಎಳೆ ಹಿಡಿಯುತ್ತೇನೆ. ಮೊನ್ನೆ ಒಬ್ಬರು "ಅಕ್ಕಿ ರೊಟ್ಟಿ ಸೂಪರ್, ಆದರೆ ಬಿಸಿನೀರು ತಡ" ಎಂದಿದ್ದರು. ನನ್ನ ಉತ್ತರ: "ರೊಟ್ಟಿ ಇಷ್ಟ ಆಗಿದ್ದನ್ನು ಅಮ್ಮನಿಗೆ ಹೇಳಿದೆ, ಖುಷಿಪಟ್ಟರು. ಬಿಸಿನೀರು ತಡವಾಗಿದ್ದು ನಮ್ಮದೇ ತಪ್ಪು. ಈಗ ಬೆಳಗ್ಗೆ ಐದಕ್ಕೇ ಒಲೆ ಹಚ್ಚುತ್ತೇವೆ, ಮುಳ್ಳಯ್ಯನಗಿರಿಗೆ ಬೇಗ ಹೊರಡುವವರಿಗೂ ಅನುಕೂಲ. ಮತ್ತೆ ಬನ್ನಿ."

ಊಟ, ಬಿಸಿನೀರು, ಬೆಟ್ಟ ಮೂರೂ ಬಂತು, ಜಾಹೀರಾತು ಅನ್ನಿಸಲಿಲ್ಲ ಅಲ್ವಾ? ಒಂದು ಉತ್ತರಕ್ಕೆ ಒಂದೆರಡು ಸೇವೆ ಸಾಕು. ಅವರು ಹೇಳದ ಕ್ಯಾಂಪ್‌ಫೈರ್, ಜೀಪ್ ರೈಡ್ ಸುಮ್ನೆ ತುರುಕಬೇಡಿ. ಬರೀ ಸ್ಟಾರ್ ಕೊಟ್ಟು ಏನೂ ಬರೆಯದವರಿಗೆ ಒಂದು ಸಾಲಿನ ಥ್ಯಾಂಕ್ಸ್ ಸಾಕು.

ಪೋಸ್ಟ್ ಮಾಡುವ ಮುಂಚೆ ಜೋರಾಗಿ ಓದಿ. ಎದುರಿಗೆ ಕೂತ ಅತಿಥಿಗೆ ಹಾಗೆ ಹೇಳುವುದಿಲ್ಲ ಎನ್ನಿಸಿದ ಪದ ಅಳಿಸಿ. ಹಳೆಯ ಉತ್ತರಗಳನ್ನೂ ಎಡಿಟ್ ಮಾಡಬಹುದು, ನಾನೇ ಇನ್ನೂ ಮುಗಿಸಿಲ್ಲ.